ಮೆತ್ತಗೆ ‘ಇಲ್ಲ’ ಎನ್ನುವ ಮಾತುಗಳು

ನಮ್ಮ ಎಂ.ಸಿ.ಸಿ. ಬಡಾವಣೆಯಲ್ಲಿ ಮದುವೆ ಪತ್ರಿಕೆ ಕೊಡಲು ಬಂದವರಿಗೆ ‘ಬರಲ್ಲ’ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ‘ನೋಡೋಣ ಬಿಡ್ರಿ’ ಎನ್ನುತ್ತಾರೆ. ಪತ್ರಿಕೆ ಕೊಟ್ಟವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಇಂಗ್ಲಿಷಿನಲ್ಲೂ ಹೀಗೆ ಮೆತ್ತಗೆ ಹೇಳುವ ಮಾತುಗಳಿವೆ. ಅವನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದರೆ ಮಾತ್ರ ಎಡವಟ್ಟು.

ಆರನೇ ಕ್ಲಾಸಿನ ನನ್ನ ಮೊಮ್ಮಗಳು ಅಮೆರಿಕದಲ್ಲಿರುವ ಅಣ್ಣನಿಗೆ ಫೋನಿನಲ್ಲಿ, ದಸರೆಗೆ ಬರ್ತೀಯಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು. ಅವನು ‘ಐ ಡೌಟ್ ಇಟ್’ ಎಂದ. ಇವಳ ಮುಖ ಸಪ್ಪಗಾಯಿತು. “ಅಜ್ಜಾ, ಅಣ್ಣ ನನ್ನ ಮೇಲೆ ಅನುಮಾನ ಪಡ್ತಾನೆ” ಎಂದಳು.

ಕ್ಲಾಸಿನಲ್ಲಿ ‘ಸರ್, ಒಂದು ಡೌಟು’ ಎಂದರೆ ಪ್ರಶ್ನೆ. ಒಬ್ಬರ ಮೇಲೆ ಅನುಮಾನ ಎಂದರೆ ನಂಬಿಕೆಯಿಲ್ಲ ಎಂದು. ಅಣ್ಣ ಹೇಳಿದ್ದು ಎರಡೂ ಅಲ್ಲ. ಅಲ್ಲಿ ‘ಇಟ್’ ಎಂದರೆ ಬರುವ ಸಂಗತಿ, ತಂಗಿಯಲ್ಲ. ‘ಐ ಡೌಟ್ ಯು’ ಎಂದಿದ್ದರೆ ಅವಳು ಬೇಜಾರಾಗಬಹುದಿತ್ತು. ನಾವು ‘ಬರೋದು ಡೌಟು’ ಎನ್ನುತ್ತೇವಲ್ಲ, ಅದೇ ಅರ್ಥ.

ಅವಳಿಗೆ ಐದು ಮೆಟ್ಟಿಲು ಹೇಳಿಕೊಟ್ಟೆ: ಬರ್ತೀನಿ, ಬರಬಹುದು, ಬರ್ತೀನೇನೋ, ಬರಲಿಕ್ಕಿಲ್ಲ, ಬರಲ್ಲ. ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾದರೆ ಸಾಕು, ಮಾತು ಮೆತ್ತಗಾಗುತ್ತದೆ. ಇಂಗ್ಲಿಷಿನವರು ಅದಕ್ಕೆ ಬೇರೆ ಪದಗಳನ್ನೇ ಸೇರಿಸುತ್ತಾರೆ. ‘ಐ ಡೌಟ್ ಇಟ್’ ನಿಲ್ಲುವುದು ‘ಬರಲಿಕ್ಕಿಲ್ಲ’ ಎಂಬ ನಾಲ್ಕನೇ ಮೆಟ್ಟಿಲಿನಲ್ಲಿ.

ಇನ್ನು ‘ನಾಟ್ ರಿಯಲಿ’. ಅದು ‘ನಿಜವಾಗಿ ಇಲ್ಲ’ ಅಲ್ಲ, ‘ಅಷ್ಟೇನಿಲ್ಲ’. ಇಲ್ಲೊಂದು ಸೂಕ್ಷ್ಮವಿದೆ. ನಮ್ಮ ಮನೆಗೆ ಬಂದವರು ‘ಹಸಿವು ಅಷ್ಟೇನಿಲ್ಲ’ ಎಂದರೆ ಅಜ್ಜಿ ಇನ್ನೊಮ್ಮೆ ಕೇಳಿ ಬೆಣ್ಣೆದೋಸೆ ಹಾಕಿಯೇ ಬಿಡುತ್ತಾಳೆ, ಅವರೂ ತಿನ್ನುತ್ತಾರೆ. ಇಂಗ್ಲಿಷಿನವರು ‘ನಾಟ್ ರಿಯಲಿ’ ಎಂದರೆ ಸಾಮಾನ್ಯವಾಗಿ ಬೇಡ ಎಂದೇ ಅರ್ಥ. ಅಲ್ಲಿ ಬಲವಂತ ಮಾಡಬಾರದು.

ಮೂರನೆಯದು ‘ಇಟ್ ಡಿಪೆಂಡ್ಸ್’. ‘ಅದು ಅವಲಂಬಿಸುತ್ತದೆ’ ಎಂದು ನಾವು ಯಾರಾದರೂ ಹೇಳುತ್ತೇವೆಯೇ? ಭಾನುವಾರ ಹರಿಹರಕ್ಕೆ ಹೊಳೆ ನೋಡಲು ಹೋಗೋಣವಾ ಎಂದು ಮಕ್ಕಳು ಕೇಳಿದರೆ, ‘ಮಳೆ ನಿಂತರೆ ಹೋಗೋಣ’ ಎನ್ನುತ್ತೇವೆ. ‘ನಿಂತರೆ’ ಎಂಬುದರ ಕೊನೆಯ ‘ರೆ’ಯಲ್ಲೇ ‘ಇಟ್ ಡಿಪೆಂಡ್ಸ್’ ಇದೆ. ಇಂಗ್ಲಿಷಿನಲ್ಲಿ ಉತ್ತರಿಸುವಾಗ ಆ ಎರಡು ಪದಕ್ಕೇ ನಿಲ್ಲಿಸಬೇಡಿ, ಯಾವುದರ ಮೇಲೆ ಎಂದೂ ಹೇಳಿ: ‘ಇಟ್ ಡಿಪೆಂಡ್ಸ್ ಆನ್ ದ ರೇನ್’. ಇಲ್ಲದಿದ್ದರೆ ಕೇಳಿದವರಿಗೆ ಜಾರಿಕೊಂಡಂತೆ ಕಾಣುತ್ತದೆ.

ಮಕ್ಕಳೇ, ಇವತ್ತು ರಾತ್ರಿ ಊಟಕ್ಕೆ ಕೂತಾಗ ‘ನಾಳೆ ಟೆಸ್ಟು ಸುಲಭ ಇರುತ್ತಾ?’ ಎಂದು ನಿಮ್ಮ ಅಜ್ಜ ಕೇಳಲಿ. ನೀವು ಮೂರೂ ಬಗೆಯಲ್ಲಿ ಇಂಗ್ಲಿಷಿನಲ್ಲಿ ಉತ್ತರ ಕೊಡಿ. ಅದನ್ನು ನಮ್ಮ ಮನೆಮಾತಿಗೆ ತರುವ ಕೆಲಸ ಅಜ್ಜ, ಅಜ್ಜಿಯದು.