ಮೂವತ್ತು ದಿನ ದಾಟಿದ ಮೇಲ್ ಖಾಲಿ ಕಾಣುವುದೇಕೆ?

ಐವತ್ತು ದಿನ ಮುಂಚೆ ಕಾಯ್ದಿರಿಸಿದ ರೈಲು ಟಿಕೆಟ್ ನಿಮ್ಮ ಮೇಲ್‌ನಲ್ಲಿದೆ. ಘಾಟಿಯಲ್ಲಿ ರೈಲು ಸಾಗುವಾಗ ನೆಟ್‌ವರ್ಕ್ ಇಲ್ಲ. ಟಿಕೆಟ್ ತಪಾಸಕರು ಬಂದರೆಂದು ಮೇಲ್ ತೆರೆಯುತ್ತೀರಿ. ಕಳಿಸಿದವರ ಹೆಸರು, ವಿಷಯದ ಸಾಲು ಕಾಣುತ್ತವೆ, ಒಳಗೆ ಮಾತ್ರ ಬರೀ ಬಿಳಿ.

ಆ ಮೇಲ್ ಅಳಿಸಿಹೋಗಿಲ್ಲ. ಎಲ್ಲ ಮೇಲ್‌ಗಳೂ ಇರುವುದು ಸರ್ವರ್‌ನಲ್ಲಿ. ಜಾಗ ಉಳಿಸಲು ಫೋನು ಇತ್ತೀಚಿನ ಕೆಲವು ದಿನಗಳ ಪ್ರತಿಯನ್ನಷ್ಟೇ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ನಲ್ಲಿ ಈ ಅವಧಿ ಸಾಮಾನ್ಯವಾಗಿ 30 ದಿನ. ಅದಕ್ಕಿಂತ ಹಳೆಯದನ್ನು ತೆರೆದಾಗ ಒಳಗಿನ ಬರಹವನ್ನು ಆಗಲೇ ಸರ್ವರ್‌ನಿಂದ ತರಬೇಕು. ನೆಟ್ ಇಲ್ಲದಿದ್ದರೆ ತರುವುದೆಲ್ಲಿಂದ?

ಕಾರಣ ಇದೇ ಎಂದು ತಿಳಿಯಲು ಅದೇ ಮೇಲನ್ನು ಕಂಪ್ಯೂಟರಿನ ಬ್ರೌಸರ್‌ನಲ್ಲಿ ತೆರೆಯಿರಿ. ಅಲ್ಲಿ ಪೂರ್ತಿ ಕಂಡು, ಫೋನಿನಲ್ಲಿ ತಿಂಗಳೊಳಗಿನವು ಸರಿಯಾಗಿ ತೆರೆದರೆ ಅಡ್ಡಿ ಸಿಂಕ್ ಅವಧಿಯದೇ.

ಜಿಮೇಲ್‌ನ Settings ಒಳಗೆ ನಿಮ್ಮ ಖಾತೆ ಒತ್ತಿ, Days of emails to sync ಎಂಬಲ್ಲಿ 30ರ ಬದಲು 60 ಎಂದು ಹಾಕಿ. ನಂತರ ವೈಫೈ ಇರುವಲ್ಲಿ ಹಳೆಯ ಮೇಲ್‌ಗಳು ಇಳಿಯುವವರೆಗೆ ಕಾಯಿರಿ. ದಿನ ಹೆಚ್ಚಿದಷ್ಟೂ ಫೋನಿನ ಜಾಗ ತುಂಬುತ್ತದೆ. ಒಂದೇ ಟಿಕೆಟ್ ಬೇಕಿದ್ದರೆ, ಮನೆಯಿಂದ ಹೊರಡುವ ಮೊದಲೇ ಅದನ್ನು ಡೌನ್‌ಲೋಡ್ ಮಾಡಿಕೊಂಡರೆ ಸಾಕು.