ಮಹಾಭಾರತದ ಶ್ಲೋಕಸಂಖ್ಯೆ ಏಕೆ ಹೊಂದುವುದಿಲ್ಲ?

ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆನ್ನುವ ಗೀತೆಯ ಶ್ಲೋಕ ಮಹಾಭಾರತದ ಭೀಷ್ಮಪರ್ವದಲ್ಲಿದೆ. ಉತ್ತರದ ಪ್ರಚಲಿತ ಪಾಠವಾದ ನೀಲಕಂಠನ ಪಾಠದಲ್ಲಿ ಅದು 26ನೇ ಅಧ್ಯಾಯದ 47ನೇ ಶ್ಲೋಕ. ಪುಣೆಯ ಭಂಡಾರಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ 24ನೇ ಅಧ್ಯಾಯದ 47. ಎರಡು ಅಧ್ಯಾಯ ಹಿಂದಕ್ಕೆ ಸರಿದಿದೆ.

ಕಾರಣ ಗೀತೆಯಲ್ಲಿಲ್ಲ, ಅದರ ಮುಂಚಿನ ಪುಟಗಳಲ್ಲಿದೆ. ಯುದ್ಧಕ್ಕೆ ಮೊದಲು ಅರ್ಜುನ ದುರ್ಗೆಯನ್ನು ಸ್ತುತಿಸುವ ಅಧ್ಯಾಯ ನೀಲಕಂಠನ ಪಾಠದಲ್ಲಿ 23ನೆಯದು. ಪರಿಷ್ಕೃತ ಆವೃತ್ತಿಯ ಮೂಲಪಾಠದಲ್ಲಿ ಅದಿಲ್ಲ; ಎರಡರಲ್ಲಿ ಒಂದು ಅಧ್ಯಾಯದ ವ್ಯತ್ಯಾಸ ಇದರಿಂದ ಬಂದದ್ದು.

1919ರಲ್ಲಿ ಶುರುವಾದ ಪರಿಷ್ಕೃತ ಆವೃತ್ತಿಯ ಕೆಲಸ 1966ರಲ್ಲಿ ಮುಗಿಯಿತು. ವಿ. ಎಸ್. ಸುಕ್ಥಣಕರ್ ಮತ್ತು ಅವರ ನಂತರದ ಸಂಪಾದಕರು ಕಾಶ್ಮೀರದಿಂದ ಮಲಯಾಳದವರೆಗಿನ ಹಸ್ತಪ್ರತಿಗಳನ್ನು ಸಾಲುಸಾಲಾಗಿ ಹೋಲಿಸಿದರು. ಹಳೆಯದೆಂದು ಕಂಡ ಪಾಠಕ್ಕೆ ಮಾತ್ರ ಕ್ರಮಸಂಖ್ಯೆ ಕೊಟ್ಟರು. ಉಳಿದದ್ದನ್ನು ಎಸೆಯಲಿಲ್ಲ: ಚಿಕ್ಕ ಭಾಗಗಳು ನಕ್ಷತ್ರಚಿಹ್ನೆಯ ಸಂಖ್ಯೆ ಹೊತ್ತು ಅಡಿಟಿಪ್ಪಣಿಗೆ, ದೊಡ್ಡವು ಅನುಬಂಧಕ್ಕೆ ಹೋದವು. ಗಣಪತಿ ಲಿಪಿಕಾರನಾದ ಕಥೆಯೂ ಹಾಗೆಯೇ ಮೂಲಪಾಠದಿಂದ ಹೊರಗುಳಿಯಿತು.

ದಕ್ಷಿಣದ ಪಾಠದ್ದು ಇನ್ನೊಂದು ತೊಡಕು. ಅಲ್ಲಿ ಹೆಚ್ಚು ಶ್ಲೋಕಗಳಿವೆ, ಪರ್ವಗಳು ಹದಿನೆಂಟಲ್ಲ, ಇಪ್ಪತ್ನಾಲ್ಕು. ಆದಿಪರ್ವದಲ್ಲಿ ಯಯಾತಿಯ ಕಥೆ ಶಕುಂತಲೆಯ ಕಥೆಗಿಂತ ಮೊದಲು ಬರುತ್ತದೆ. ಇಲ್ಲಿ ಒಂದೆರಡು ಸಂಖ್ಯೆ ಕೂಡಿಸಿ ಕಳೆದರೆ ಲೆಕ್ಕ ಸಿಗುವುದಿಲ್ಲ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಗಡಿಭಾಗದಲ್ಲಿ ಕನ್ನಡ, ಮರಾಠಿ ಎರಡನ್ನೂ ಓದುವವರಿದ್ದಾರೆ; ಅವರ ಕೈಗೆ ಬೇರೆ ಬೇರೆ ಪಾಠದ ಮುದ್ರಣಗಳು ಬರಬಹುದು. ಪುಣೆಯ ಚಿತ್ರಶಾಳಾ ಮುದ್ರಣ ನೀಲಕಂಠನ ಪಾಠದ್ದು, ಕುಂಭಕೋಣದ ಮುದ್ರಣ ದಕ್ಷಿಣದ್ದು. ಸಂಖ್ಯೆ ತಾಳೆಯಾಗದಿದ್ದಾಗ ಮೊದಲು ಆವೃತ್ತಿಯ ಹೆಸರು ನೋಡಬೇಕು, ಆಮೇಲೆ ಶ್ಲೋಕದ ಮೊದಲ ಪದಗಳಿಂದ ಹುಡುಕಬೇಕು. ಪರಿಷ್ಕೃತ ಆವೃತ್ತಿಯ ಮೂಲಪಾಠದಲ್ಲಿ ಸಿಗದಿದ್ದರೆ ಅಡಿಟಿಪ್ಪಣಿ, ಅನುಬಂಧಗಳನ್ನೂ ತೆರೆಯಬೇಕು.