ಎರಡು ಕಿಲೋ ಕನ್ನಡ

ನರ್ಸ್ ಕೆಲಸಕ್ಕೆಂದು ಜರ್ಮನಿಗೆ ಹೊರಟ ಓದುಗಳಿಗೆ ಊರಿನ ಗ್ರಂಥಪಾಲಕಿಯ ಪತ್ರ

ಪ್ರೀತಿಯ ಪುಟ್ಟಿ,

ವೀಸಾ ಬಂತೆಂದು ನಿನ್ನಮ್ಮ ಹೇಳಿದರು. ಬಹಳ ಸಂತೋಷವಾಯಿತು. "ಯಾವ ಪುಸ್ತಕ ಒಯ್ಯಲಿ ಮೇಡಂ?" ಎಂದು ಮೊನ್ನೆ ಕೇಳಿದೆಯಲ್ಲ, ಕೌಂಟರಿನ ಮುಂದೆ ಸಾಲು ನಿಂತಿತ್ತು. ಸಮಾಧಾನವಾಗಿ ಹೇಳಬೇಕಾದ ಮಾತೆಂದು ಬರೆಯುತ್ತಿದ್ದೇನೆ.

ಮೊದಲು ತೂಕದ ವಿಷಯ. ನಿನ್ನ ಟಿಕೆಟ್ಟಿನಲ್ಲಿ ದೊಡ್ಡ ಪೆಟ್ಟಿಗೆಗೆ ಸಿಕ್ಕಿರುವುದು 23 ಕಿಲೋ. ಸ್ವೆಟರು, ಶೂ, ಉಪ್ಪಿನಕಾಯಿ, ಸಾರಿನಪುಡಿ, ಅಮ್ಮ ತುರುಕುವ ಚಕ್ಕುಲಿ ಎಲ್ಲ ಕಳೆದರೆ ಪುಸ್ತಕಕ್ಕೆ ಎರಡು ಕಿಲೋ ಉಳಿದೀತು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಡೆಮಿ ಅಳತೆಯ ರಟ್ಟಿಲ್ಲದ ಪುಸ್ತಕ ನೂರು ಪುಟಕ್ಕೆ ಹೆಚ್ಚುಕಡಿಮೆ 120 ಗ್ರಾಂ ತೂಗುತ್ತದೆ. ಅಂದರೆ ಎರಡು ಕಿಲೋಗೆ ಸುಮಾರು 1,600 ಪುಟ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಒಂದೇ ಏಳುನೂರು ಪುಟ ದಾಟುತ್ತದೆ, ರಟ್ಟು ಸೇರಿದರೆ ಕಿಲೋದ ಹತ್ತಿರ ಬರುತ್ತದೆ. ನಿನಗೆ ಅದರ ಮೇಲೆ ಎಷ್ಟು ಆಸೆಯೆಂದು ಗೊತ್ತು. ಆದರೂ ಈ ಸಲ ಬೇಡ.

ತೂಕವೊಂದೇ ಕಾರಣವಲ್ಲ. ಹೊರಡುವವರು ಸಾಮಾನ್ಯವಾಗಿ 'ಓದಬೇಕೆಂದು ಇಟ್ಟುಕೊಂಡಿದ್ದ' ದೊಡ್ಡ ಪುಸ್ತಕವನ್ನೇ ಒಯ್ಯುತ್ತಾರೆ; ರಜೆಗೆ ಬಂದಾಗ ಕೇಳಿದರೆ ಮೂವತ್ತನೇ ಪುಟದಲ್ಲಿ ಗುರುತಿನ ಚೀಟಿ ಇರುತ್ತದೆ. ನಿನ್ನ ದಿನ ಹೇಗಿರುತ್ತದೆಂದು ಯೋಚಿಸು. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ರಾತ್ರಿ ಪಾಳಿ. ಪಾಳಿ ಮುಗಿದಾಗ ಪ್ರತಿ ರೋಗಿಯ ಸ್ಥಿತಿಯನ್ನು ಮುಂದಿನವರಿಗೆ ಜರ್ಮನ್‌ನಲ್ಲೇ ಒಪ್ಪಿಸಬೇಕು. ಪರೀಕ್ಷೆ ಪಾಸು ಮಾಡಿದ್ದೀಯ ನಿಜ, ಆದರೆ ವಾರ್ಡಿನಲ್ಲಿ ಅಜ್ಜಂದಿರು ಆಡುವ ಮಾತು ಪರೀಕ್ಷೆಯ ಮಾತಿನಂತಿರುವುದಿಲ್ಲ. ದಿನವಿಡೀ ಕಿವಿ ನೆಟ್ಟು ಕೇಳಿ ದಣಿದ ತಲೆಗೆ ನಲವತ್ತು ಪಾತ್ರಗಳ ಕಾದಂಬರಿ ಹತ್ತುವುದಿಲ್ಲ. ಅದಕ್ಕೇ ಎಲ್ಲಿಂದ ಬೇಕಾದರೂ ತೆರೆಯಬಹುದಾದ, ಎಲ್ಲಿ ಬೇಕಾದರೂ ಮುಚ್ಚಬಹುದಾದ, ಮತ್ತೆ ಮತ್ತೆ ಓದಬಹುದಾದ ಪುಸ್ತಕಗಳನ್ನೇ ಆರಿಸಿದ್ದೇನೆ.

ಮೊದಲನೆಯದು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು'. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಹಾಸನ ಜಿಲ್ಲೆಯ ಹಳ್ಳಿಯ ಕಣ್ಣನ್ನು ಜೊತೆಗೇ ಒಯ್ದು ಇಳಿವಯಸ್ಸಿನಲ್ಲಿ ಅಮೆರಿಕ ನೋಡಿದವರು ಅವರು. ಬೆರಗೂ ಪಡುತ್ತಾರೆ, ಗೇಲಿಯೂ ಮಾಡುತ್ತಾರೆ, ಕೀಳರಿಮೆ ಮಾತ್ರ ಎಲ್ಲೂ ಕಾಣದು. ಮೊದಲ ತಿಂಗಳು ಇದನ್ನು ಓದು. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತಾನಂತೆ. ನಗಿಸುವ ಪುಸ್ತಕ ಕೈಗೆಟುಕುವಲ್ಲಿರಲಿ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದು. ನೀನು ಪಿಯುಸಿಯಲ್ಲಿದ್ದಾಗಲೇ ಓದಿದ್ದೀಯ, ಅದಕ್ಕೇ ಹೇಳುತ್ತಿದ್ದೇನೆ. ಮಂದಣ್ಣನ ಮದುವೆ, ಬಿರಿಯಾನಿ ಕರಿಯಪ್ಪ, ಹಾರುವ ಓತಿಯ ಹಿಂದೆ ಕಾಡು ಹೊಕ್ಕವರ ಪಡಿಪಾಟಲು, ಎಲ್ಲವೂ ಗೊತ್ತಿರುವುದರಿಂದ ರಾತ್ರಿ ಪಾಳಿ ಮುಗಿಸಿ ಬಂದು ನಡುವಿನ ಎರಡು ಪುಟ ಓದಿದರೂ ಸಾಕು. ಪುಸ್ತಕವೂ ತೆಳ್ಳಗಿದೆ, ಇನ್ನೂರು ಗ್ರಾಂ ಆಚೀಚೆ.

ಮೂರನೆಯದು ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'. 1943ರಲ್ಲಿ ಬಂದದ್ದು, ನಾಲ್ಕು ಸಾಲಿನ 945 ಪದ್ಯ. ಇಲ್ಲಿ ಒಂದು ಎಚ್ಚರಿಕೆ. ಜೇಬಿನಲ್ಲಿಡುವ ಪುಟ್ಟ ಮುದ್ರಣ ಹಗುರವೆಂದು ಕೊಳ್ಳಬೇಡ. ಅದರಲ್ಲಿ ಬರೀ ಮೂಲ ಇರುತ್ತದೆ, ಹಳೆಯ ಪದಗಳೂ ಸಂಧಿಗಳೂ ಬಂದಾಗ ಕೇಳಲು ಅಲ್ಲಿ ಯಾರಿದ್ದಾರೆ? ನೂರು ಗ್ರಾಂ ಹೆಚ್ಚಾದರೂ ತಾತ್ಪರ್ಯ ಇರುವ ಮುದ್ರಣವನ್ನೇ ತಗೋ. ದಿನಕ್ಕೊಂದು ಪದ್ಯ ಗಟ್ಟಿಯಾಗಿ ಓದು. ವಾರಗಟ್ಟಲೆ ಕನ್ನಡ ಆಡದೆ ಇದ್ದರೆ ನಾಲಿಗೆ ಜಡ್ಡುಗಟ್ಟುತ್ತದೆ. ಕಗ್ಗದ ಪ್ರಾಸ ಅದನ್ನು ಸಡಿಲ ಮಾಡುತ್ತದೆ.

ನಾಲ್ಕನೆಯದು ಯಶವಂತ ಚಿತ್ತಾಲರ 'ಶಿಕಾರಿ', 1979. ಇದು ಪೆಟ್ಟಿಗೆಯ ತಳದಲ್ಲಿರಲಿ. ಮುಂಬಯಿಯ ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿರುವ ನಾಗಪ್ಪನನ್ನು ಒಂದು ದಿನ ಅಮಾನತು ಮಾಡುತ್ತಾರೆ. ಯಾಕೆಂದು ಅವನಿಗೆ ತಿಳಿಯದು. ಯಾರು ಮಿತ್ರ, ಯಾರು ಬೇಟೆಗಾರ ಎಂಬ ಸಂಶಯದಲ್ಲೇ ಕಾದಂಬರಿ ಸಾಗುತ್ತದೆ. ಊರು ಬಿಟ್ಟು ಉದ್ಯೋಗದಲ್ಲಿರುವವರ ಒಂಟಿತನವನ್ನು ಇಷ್ಟು ಹತ್ತಿರದಿಂದ ಕಂಡ ಕಾದಂಬರಿ ಕನ್ನಡದಲ್ಲಿ ಅಪರೂಪ. ಆದರೆ ಜರ್ಮನಿಯಲ್ಲಿ ಹೊಸ ಕೆಲಸದ ಪರೀಕ್ಷಾ ಅವಧಿ ಸಾಮಾನ್ಯವಾಗಿ ಆರು ತಿಂಗಳ ತನಕ ಇರುತ್ತದೆ. ಆ ದಿನಗಳಲ್ಲಿ ಇದನ್ನು ಓದಿದರೆ ಹೆಡ್ ನರ್ಸ್ ಸುಮ್ಮನೆ ಹುಬ್ಬೇರಿಸಿದರೂ ನಿನಗೆ ನಿದ್ದೆ ಬಾರದು. ಕೆಲಸ ಕಾಯಂ ಆದ ಮೇಲೆ ತೆರೆ.

ಐದನೆಯದು ನಿನಗಲ್ಲ, ಕೊಡುವುದಕ್ಕೆ. ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'. ದೀಪಾ ಭಾಸ್ತಿ ಅನುವಾದಿಸಿದ ಈ ಪುಸ್ತಕಕ್ಕೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತು. "ನಿಮ್ಮ ಭಾಷೆ ಹಿಂದಿಯೇ?" ಎಂದು ಅಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಂಗ್ಲಿಷ್ ಓದಬಲ್ಲ ಸಹೋದ್ಯೋಗಿಯಾದರೆ ಇದನ್ನು ಕೈಗಿಡು.

ಕೊಳ್ಳುವಾಗ ಬೈಂಡಿಂಗ್ ನೋಡು. ಪುಸ್ತಕವನ್ನು ಮುಚ್ಚಿ ಹಿಡಿದು ಬೆನ್ನಿನ ಮೇಲ್ತುದಿ ಗಮನಿಸು. ಮಡಿಸಿದ ಹಾಳೆಗಳ ಪುಟ್ಟ ಪುಟ್ಟ ಕಟ್ಟುಗಳು ಕಂಡು, ತೆರೆದಾಗ ನಡುವೆ ದಾರ ಸಿಕ್ಕಿದರೆ ಅದು ಹೊಲಿದದ್ದು. ಬಿಡಿ ಹಾಳೆಗಳ ಸಮತಟ್ಟು ಅಂಚು ಕಂಡರೆ ಬರೀ ಅಂಟು. ಚಳಿಗಾಲದಲ್ಲಿ ಅಲ್ಲಿ ಹೀಟರ್ ಉರಿಯುವ ಕೋಣೆಯ ಗಾಳಿ ಒಣಗಿರುತ್ತದೆ. ಕಳಪೆ ಅಂಟು ಗಡುಸಾಗಿ ಬಿರುಕು ಬಿಟ್ಟು ಹಾಳೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅಂಗಡಿಯಲ್ಲೇ ನಡುಪುಟ ಅಗಲಿಸು. ಬೆನ್ನು ಚಟ್ಟೆಂದರೆ ಬೇರೆ ಪ್ರತಿ ಕೇಳು. ಕ್ಯಾಬಿನ್ ಚೀಲದಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಒತ್ತಿ ಇಡಬೇಡ. ಎಕ್ಸ್‌ರೇಯಲ್ಲಿ ದಟ್ಟ ಗಟ್ಟಿಯಾಗಿ ಕಂಡರೆ ಚೀಲ ಬಿಚ್ಚಿಸುತ್ತಾರೆ.

ಫೋನಿನಲ್ಲಿ ಸಿಗುವುದನ್ನು ಕಾಗದದಲ್ಲಿ ಹೊರಬೇಡ. vachana.sanchaya.net ನಲ್ಲಿ ವಚನಗಳಿವೆ. ಒಂದು ಪದ ಕೊಟ್ಟು ಹುಡುಕಬಹುದು. kn.wikisource.org ನಲ್ಲಿ ಹಳೆಯ ಕೃತಿಗಳಿವೆ. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷವಾಗುವ ತನಕ ಹಕ್ಕುಸ್ವಾಮ್ಯ ಇರುತ್ತದೆ. ಕುಮಾರವ್ಯಾಸ ಎಲ್ಲರಿಗೂ ಮುಕ್ತ. ತೇಜಸ್ವಿ ತೀರಿಕೊಂಡದ್ದು 2007ರಲ್ಲಿ, ಅವರ ಪುಸ್ತಕದ ಪಿಡಿಎಫ್ ಯಾರಾದರೂ ವಾಟ್ಸಾಪಿನಲ್ಲಿ ಕಳಿಸಿದರೆ ಅದು ಕದ್ದ ಮಾಲು.

ಮುಂದೆ ತಮ್ಮನಿಂದ ಪುಸ್ತಕ ತರಿಸಿಕೊಳ್ಳುವುದಾದರೆ ಕಸ್ಟಮ್ಸ್ ಚೀಟಿಯಲ್ಲಿ 'ಉಡುಗೊರೆ' ಎಂದೂ ನಿಜವಾದ ಬೆಲೆಯನ್ನೂ ಇಂಗ್ಲಿಷಿನಲ್ಲಿ ಬರೆಯಲು ಹೇಳು. ಮನೆಯವರು ಕಳಿಸುವ ಉಡುಗೊರೆ 45 ಯೂರೋ ಮೀರದಿದ್ದರೆ ಅಲ್ಲಿ ಸುಂಕವಿಲ್ಲ. ಅದರೊಳಗೆ ಮದುಮಗಳೂ ಬರುತ್ತಾಳೆ. ಒಂದು ಚಳಿಗಾಲ ದಾಟಿ, ಜರ್ಮನ್ ಸಲೀಸಾದ ಮೇಲೆ ತರಿಸಿಕೋ. ಆಗ ಅವಳಿಗೆ ಬೇಕಾದ ವ್ಯವಧಾನ ನಿನ್ನಲ್ಲಿರುತ್ತದೆ.

ಇನ್ನು ನಮ್ಮ ಲೆಕ್ಕ. ನಿನ್ನ ಹೆಸರಲ್ಲಿರುವ ಪುಸ್ತಕಗಳನ್ನು ಒಪ್ಪಿಸಿ, ಠೇವಣಿಯ ರಸೀದಿ ತಂದರೆ ಹಣ ವಾಪಸಿಗೆ ಅರ್ಜಿ ಬರೆಸಿಕೊಳ್ಳುತ್ತೇನೆ. ಸೋಮವಾರ ನಮಗೆ ರಜೆ, ಬುಧವಾರ ಬಾ. ರಸೀದಿ ಮರೆಯಬೇಡ.

ನಿನ್ನ
ಲೈಬ್ರರಿ ಮೇಡಂ